ಪರಿಚಯದ ಮಾತೂ ವಂದನೆಯ ಮಾತೂ

ಜಿಲ್ಲೆಯ ಸಾಹಿತ್ಯಸಂಘಗಳಲ್ಲಿ ಸಭೆ ಕೇಳುವವರು ಎಷ್ಟೋ ಮಂದಿ ಇರಬಹುದು. ಸಭೆ ನಡೆಸುವವರು ಮಾತ್ರ ಇಬ್ಬರು ಅಥವಾ ಮೂವರು. ಆದುದರಿಂದ ಉಪನ್ಯಾಸಕರನ್ನು ಸಭೆಗೆ ಪರಿಚಯ ಮಾಡಿಕೊಡುವ ಕಾರ್ಯದರ್ಶಿಯೇ ಕೊನೆಯಲ್ಲಿ ಎದ್ದು ವಂದನಾರ್ಪಣೆಯನ್ನೂ ಮಾಡುವುದು ವಾಡಿಕೆಯಾಗಿದೆ. ಇದರಲ್ಲಿ ತಪ್ಪೇನೂ ಇಲ್ಲ. ಒಂದೇ ಬಾವಿಯ ನೀರನ್ನು ಬೆಳಿಗ್ಗೆ ಸ್ನಾನಕ್ಕೂ ಮಧ್ಯಾಹ್ನ ಅಡಿಗೆಗೂ ಬಳಸುತ್ತೇವಷ್ಟೆ. ಆದರೆ ಸ್ನಾನ ಮಾಡಿ ಉಳಿದ ನೀರಿನಲ್ಲಿಯೇ ಅಡಿಗೆ ಮಾಡುವುದಿಲ್ಲ. ನಮ್ಮ ಸಭೆಗಳಲ್ಲಿ ಆಗುತ್ತಿರುವುದು ಬಹುಮಟ್ಟಿಗೆ ಈ ಎರಡನೆಯದು. ಸಂಜೆ ಆರು ಗಂಟೆಗೆ ಹೇಳಿದ ಪರಿಚಯವೇ ಎಂಟು ಗಂಟೆಗೆ ಕ್ರಿಯಾಪದಗಳನ್ನು ಮಾತ್ರ ಬದಲಾಯಿಸಿಕೊಂಡು ವಂದನೆಯೆಂಬ ಹೆಸರಿನಿಂದ ಮರಳಿ ಬರುತ್ತದೆ. ಕೇಳುವವರು ಆ ಹೊತ್ತಿಗೆ ಚಪ್ಪಲಿ ಹುಡುಕಲು ತೊಡಗಿರುತ್ತಾರೆ. ಅವರನ್ನು ಅವಿನಯಿಗಳೆಂದು ದೂರುವುದಕ್ಕೆ ಮುನ್ನ, ಆ ಎರಡನೆಯ ಮಾತಿನಲ್ಲಿ ಕೇಳತಕ್ಕದ್ದು ಏನಾದರೂ ಇದ್ದಿತೆ ಎಂದು ವಿಚಾರಿಸುವುದು ನ್ಯಾಯ.

ಕವಿತೆ, ನಾಟಕ, ಕಾದಂಬರಿಗಳಿಗೆ ಮಾತ್ರ ವಿಮರ್ಶೆ ಸಲ್ಲುವುದೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಸಭೆಯ ಮಾತೂ ವಾಙ್ಮಯದ ಒಂದು ಪ್ರಕಾರವೇ. ಅದಕ್ಕೂ ವಿಷಯವುಂಟು, ಅಳತೆಯುಂಟು, ಗುಣದೋಷಗಳುಂಟು. ಪರಿಚಯ ಮತ್ತು ವಂದನೆ ಎಂಬ ಈ ಎರಡು ಸಣ್ಣ ಪ್ರಕಾರಗಳ ಲಕ್ಷಣವನ್ನು ಬೇರೆ ಬೇರೆಯಾಗಿ ತಿಳಿದು, ಒಬ್ಬನೇ ಎರಡನ್ನೂ ಹೇಳಬೇಕಾದಾಗ ಅವು ಬೆರೆತುಹೋಗದಂತೆ ಕಾಯುವ ಬಗೆಯನ್ನು ಈ ಲೇಖನದಲ್ಲಿ ವಿಚಾರಿಸುತ್ತೇನೆ.

ಮೊದಲು ವಂದನಾರ್ಪಣೆಯ ಹುಟ್ಟನ್ನು ನೋಡೋಣ. ನಮ್ಮ ಇಂದಿನ ಸಭೆಗಳಲ್ಲಿ ಅದು ನಡೆಯುವ ರೂಪವು ಇಂಗ್ಲಿಷರ ಸಭಾಪದ್ಧತಿಯಿಂದ ಬಂದುದು. ಅವರು ಅದನ್ನು ವೋಟ್ ಆಫ್ ಥ್ಯಾಂಕ್ಸ್ ಎಂದು ಕರೆದರು. ಇದರಲ್ಲಿ ವೋಟ್ ಎಂಬ ಶಬ್ದ ಅಲಂಕಾರಕ್ಕಾಗಿ ಬಂದುದಲ್ಲ. ಕೇಳುಗರಲ್ಲಿ ಒಬ್ಬನು ಎದ್ದು, ಇಂದಿನ ಉಪನ್ಯಾಸಕರಿಗೆ ಈ ಸಭೆಯು ತನ್ನ ಕೃತಜ್ಞತೆಯನ್ನು ಸಲ್ಲಿಸಬೇಕೆಂದು ನಿರ್ಣಯವನ್ನು ಸೂಚಿಸುವನು, ಮತ್ತೊಬ್ಬನು ಅನುಮೋದಿಸುವನು, ಅಧ್ಯಕ್ಷನು ಅದನ್ನು ಸಭೆಯ ಮುಂದಿಡುವನು, ಸಭೆ ಕರತಾಡನದಿಂದ ಅಂಗೀಕರಿಸುವುದು. ಆ ಚಪ್ಪಾಳೆಯೇ ಸಭೆಯ ಮತ. ಕನ್ನಡದಲ್ಲಿ ವಂದನಾರ್ಪಣೆ ಎಂದಾಗ ಮತದ ಅಂಶ ಜಾರಿಹೋಯಿತು, ಅರ್ಪಣೆ ಮಾತ್ರ ಉಳಿಯಿತು. ಸೂಚಕ ಹೋದನು, ಅನುಮೋದಕ ಹೋದನು. ಕಾರ್ಯದರ್ಶಿ ಒಬ್ಬನೇ ಉಳಿದನು.

ಈ ಹಳೆಯ ಪದ್ಧತಿಯಲ್ಲಿ ಗಮನಿಸಬೇಕಾದ ಅಂಶ ಒಂದುಂಟು. ಪರಿಚಯ ಮಾಡಿಕೊಡುತ್ತಿದ್ದವನು ಅಧ್ಯಕ್ಷ, ಎಂದರೆ ಸಭೆಯನ್ನು ಕರೆದವರ ಪ್ರತಿನಿಧಿ. ವಂದನೆಯನ್ನು ಸೂಚಿಸುತ್ತಿದ್ದವನು ಕೇಳಲು ಬಂದವರಲ್ಲಿ ಒಬ್ಬ. ಮೊದಲನೆಯವನು ವೇದಿಕೆಯ ಮನುಷ್ಯ, ಎರಡನೆಯವನು ಚಾಪೆಯ ಮನುಷ್ಯ. ಆಳು ಬೇರೆಯಾದುದರಿಂದ ಮಾತು ತಾನಾಗಿಯೇ ಬೇರೆಯಾಗುತ್ತಿತ್ತು. ಅದಕ್ಕಾಗಿ ಯಾರೂ ಪ್ರಯಾಸಪಡಬೇಕಾಗಿರಲಿಲ್ಲ. ಈಗ ಆಳು ಒಬ್ಬನೇ ಆದುದರಿಂದ, ಹಿಂದೆ ವ್ಯವಸ್ಥೆಯೇ ಮಾಡುತ್ತಿದ್ದ ಕೆಲಸವನ್ನು ಅವನು ತನ್ನ ಎಚ್ಚರದಿಂದ ಮಾಡಬೇಕಾಗಿದೆ. ಮೊದಲ ಸಲ ಎದ್ದಾಗ ಅವನು ಸಂಘದ ಬಾಯಿ. ಎರಡನೆಯ ಸಲ ಎದ್ದಾಗ ಕೇಳುಗರ ಬಾಯಿ. ನಡುವಿನ ಒಂದು ಗಂಟೆಯ ಕಾಲ ಅವನು ವೇದಿಕೆಯಿಂದ ಮನಸ್ಸಿನಲ್ಲಾದರೂ ಇಳಿದು ಚಾಪೆಯ ಮೇಲೆ ಕುಳಿತಿದ್ದರೆ ಮಾತ್ರ ಈ ಬದಲಾವಣೆ ಸಾಧ್ಯ.

ಇದನ್ನು ವ್ಯಾಕರಣದ ಭಾಷೆಯಲ್ಲಿ ಹೇಳಿದರೆ ಇನ್ನೂ ಸ್ಪಷ್ಟವಾಗುತ್ತದೆ. ಪರಿಚಯದಲ್ಲಿ ಸಭಿಕರು ಮಧ್ಯಮಪುರುಷ, ಉಪನ್ಯಾಸಕರು ಪ್ರಥಮಪುರುಷ. ‘ನಿಮ್ಮ ಮುಂದೆ ಇವರು ಮಾತನಾಡುವರು’ ಎಂಬುದೇ ಅದರ ಮೂಲವಾಕ್ಯ. ವಂದನೆಯಲ್ಲಿ ಇದು ತಿರುಗಿಬಿಡುತ್ತದೆ. ಉಪನ್ಯಾಸಕರು ಮಧ್ಯಮಪುರುಷ, ಸಭಿಕರು ಉತ್ತಮಪುರುಷ. ‘ತಾವು ನಮಗೆ ಇದನ್ನು ಕೊಟ್ಟಿರಿ’ ಎಂಬುದು ಅದರ ಮೂಲವಾಕ್ಯ. ಮೊದಲನೆಯದರಲ್ಲಿ ಮುಖ ಸಭೆಯ ಕಡೆಗೆ. ಎರಡನೆಯದರಲ್ಲಿ ಮುಖ ಉಪನ್ಯಾಸಕರ ಕಡೆಗೆ. ನಮ್ಮ ಕಾರ್ಯದರ್ಶಿಗಳು ವಂದನೆ ಮಾಡುವಾಗಲೂ ಸಭೆಯತ್ತಲೇ ತಿರುಗಿ ನಿಂತು, ಪಕ್ಕದಲ್ಲಿ ಕುಳಿತಿರುವ ಉಪನ್ಯಾಸಕರನ್ನು ಕುರಿತು ‘ಅವರು ಬಹಳ ಚೆನ್ನಾಗಿ ಮಾತನಾಡಿದರು, ಅವರಿಗೆ ವಂದನೆಗಳು’ ಎನ್ನುತ್ತಾರೆ. ಎದುರಿಗಿರುವವರಿಗೆ ‘ಅವರಿಗೆ ನಮಸ್ಕಾರ’ ಎಂದು ಹೇಳುವುದು ನಮ್ಮ ಮನೆಗಳಲ್ಲಿ ಇಲ್ಲದ ಪದ್ಧತಿ. ಪುರುಷ ಬದಲಾಗದಿದ್ದರೆ ಪ್ರಕಾರವೂ ಬದಲಾಗದು; ಆಗ ವಂದನೆ ಎಂಬುದು ಭೂತಕಾಲದಲ್ಲಿ ಹೇಳಿದ ಪರಿಚಯವಾಗಿ ನಿಲ್ಲುತ್ತದೆ.

ಇನ್ನು ಎರಡಕ್ಕೂ ಯೋಗ್ಯವಾದ ಸಾಮಗ್ರಿ ಯಾವುದು? ಪರಿಚಯಕ್ಕೆ ನಮ್ಮ ಶಾಸ್ತ್ರಕಾರರು ಒಳ್ಳೆಯ ಅಳತೆಗೋಲನ್ನು ಮಾಡಿಟ್ಟಿದ್ದಾರೆ. ಗ್ರಂಥಾರಂಭದಲ್ಲಿ ಅನುಬಂಧಚತುಷ್ಟಯವನ್ನು ಹೇಳಬೇಕೆಂಬುದು ಅವರ ನಿಯಮ. ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬುವೇ ಆ ನಾಲ್ಕು. ಯಾವುದನ್ನು ಕುರಿತ ಮಾತು, ಅದನ್ನು ಕೇಳಿದರೆ ಏನು ಫಲ, ಯಾರು ಕೇಳತಕ್ಕವರು, ಇವುಗಳೊಳಗೆ ಪರಸ್ಪರ ನಂಟು ಏನು ಎಂಬುದು ತಿಳಿಯದೆ ಬುದ್ಧಿವಂತನಾದವನು ಗ್ರಂಥಕ್ಕೆ ಕೈ ಹಾಕುವುದಿಲ್ಲವೆಂಬುದು ಅವರ ಆಶಯ. ಸಭೆಯ ಪರಿಚಯಕ್ಕೆ ಇದರ ಜೊತೆಗೆ ಐದನೆಯದೊಂದನ್ನು ಸೇರಿಸಿಕೊಂಡರೆ ಸಾಕು: ಈ ವಿಷಯವನ್ನು ಹೇಳಲು ಇವರಿಗೆ ಇರುವ ಅರ್ಹತೆ ಏನು? ಜನನಸ್ಥಳ, ತಂದೆತಾಯಿಗಳ ಹೆಸರು, ವ್ಯಾಸಂಗದ ಪಟ್ಟಿ, ಸನ್ಮಾನಗಳ ಸಂಖ್ಯೆ, ಇವು ಆ ಪ್ರಶ್ನೆಗೆ ಉತ್ತರವಾಗುವಷ್ಟು ಮಾತ್ರ ಬರಬೇಕು, ಉತ್ತರವಾಗದಿದ್ದರೆ ಬರಬೇಕಾಗಿಲ್ಲ.

ಸಂಸ್ಕೃತನಾಟಕದ ಪ್ರಸ್ತಾವನೆ ಇದಕ್ಕೆ ಮೇಲ್ಪಂಕ್ತಿ. ಕಾಳಿದಾಸನ ಶಾಕುಂತಲದ ಪ್ರಸ್ತಾವನೆಯಲ್ಲಿ ಸೂತ್ರಧಾರನು ಹೇಳುವುದೆಷ್ಟು? ಸಭೆ ವಿದ್ವಾಂಸರಿಂದ ತುಂಬಿದುದೆನ್ನುತ್ತಾನೆ. ಕವಿಯ ಹೆಸರನ್ನೂ ನಾಟಕದ ಹೆಸರನ್ನೂ ಹೇಳುತ್ತಾನೆ. ವಿದ್ವಾಂಸರು ಮೆಚ್ಚುವವರೆಗೆ ಪ್ರಯೋಗವನ್ನು ಸಾಧುವೆಂದು ತಾನು ಎಣಿಸೆನೆನ್ನುತ್ತಾನೆ. ನಟಿಯಿಂದ ಗ್ರೀಷ್ಮಋತುವನ್ನು ಕುರಿತು ಹಾಡಿಸುತ್ತಾನೆ. ಆ ಹಾಡಿನಲ್ಲಿ ಮೈಮರೆತು, ಆಡಬೇಕಾದ ನಾಟಕ ಯಾವುದೆಂಬುದನ್ನೇ ಮರೆತು, ಜ್ಞಾಪಿಸಿದ ಮೇಲೆ ಜಿಂಕೆಯ ಬೆನ್ನು ಹತ್ತಿ ಬರುತ್ತಿರುವ ದುಷ್ಯಂತನ ಕಡೆಗೆ ನಮ್ಮನ್ನು ತಿರುಗಿಸಿ ಹೊರಟುಹೋಗುತ್ತಾನೆ. ಶಾಪದ ವಿಷಯ ಒಂದು ಮಾತೂ ಇಲ್ಲ, ಉಂಗುರದ ಸುದ್ದಿ ಇಲ್ಲ. ಮುಂದೆ ರಾಜನು ಮರೆಯುವನೆಂಬುದರ ನೆರಳು ಮಾತ್ರ ಸೂತ್ರಧಾರನ ಮರೆವಿನಲ್ಲಿ ಹಾದುಹೋಗುತ್ತದೆ. ಕಥೆಯನ್ನು ಬಲ್ಲವನು ಅವನು, ಬಲ್ಲವನಾದುದರಿಂದಲೇ ಹೇಳುವುದಿಲ್ಲ. ನಾಟಕದ ಕೊನೆಯಲ್ಲಿ ಬರುವುದು ಭರತವಾಕ್ಯ. ಅಲ್ಲಿ ನಾಟಕವನ್ನೂ ಕವಿಯನ್ನೂ ಮತ್ತೆ ಪರಿಚಯಿಸುವ ಮಾತಿಲ್ಲ. ಲೋಕಕ್ಕೆ ಒಳ್ಳೆಯದಾಗಲಿ ಎಂಬ ಹಾರೈಕೆಯುಂಟು, ಅದು ಮೊಟಕಾದುದು. ಆಡುವವರು ಒಂದೇ ತಂಡದವರಾದರೂ ಬಾಗಿಲ ಮಾತು ಬೇರೆ, ಬೀಳ್ಕೊಡುವ ಮಾತು ಬೇರೆ ಎಂಬ ವಿವೇಕ ಆ ರಚನೆಯಲ್ಲಿಯೇ ಅಡಗಿದೆ.

ವಂದನೆಯ ಸಾಮಗ್ರಿಯನ್ನು ಕೃತಜ್ಞತೆ ಎಂಬ ಶಬ್ದವೇ ಹೇಳುತ್ತದೆ. ಕೃತವನ್ನು, ಎಂದರೆ ಮಾಡಿದ್ದನ್ನು, ಬಲ್ಲವನು ಕೃತಜ್ಞ. ಏನು ಮಾಡಿದರೆಂಬುದನ್ನು ಹೇಳಲಾರದವನು ಎಷ್ಟು ಬಾಗಿದರೂ ಕೃತಜ್ಞನಾಗಲಾರನು. ಮಾಡುವುದಕ್ಕೆ ಮುನ್ನ ಕೃತವೇ ಇಲ್ಲ. ಆದುದರಿಂದ ಹಿಂದಿನ ದಿನವೇ ಮನೆಯಲ್ಲಿ ಬರೆದಿಟ್ಟುಕೊಂಡ ವಂದನೆ ಶಬ್ದಾರ್ಥದಿಂದಲೇ ವಂದನೆಯಲ್ಲ. ಪರಿಚಯದ ಸಾಮಗ್ರಿ ಸಭೆಗೆ ಮುಂಚೆ ಸಿದ್ಧವಾಗಿರತಕ್ಕದ್ದು. ವಂದನೆಯ ಸಾಮಗ್ರಿ ಸಭೆಯಲ್ಲಿಯೇ ಹುಟ್ಟತಕ್ಕದ್ದು. ಒಂದನ್ನು ಪತ್ರವ್ಯವಹಾರದಿಂದ ಸಂಗ್ರಹಿಸಬೇಕು, ಇನ್ನೊಂದನ್ನು ಕಿವಿಯಿಂದ.

ಈಗ ಒಂದು ಸಭೆಯನ್ನು ಕಲ್ಪಿಸಿಕೊಂಡು ಇದನ್ನು ಪರೀಕ್ಷಿಸೋಣ. ವಿಷಯ ವೀರಗಲ್ಲುಗಳು. ಉಪನ್ಯಾಸಕರು ಹನ್ನೆರಡು ವರ್ಷಗಳಿಂದ ತಾಲ್ಲೂಕಿನ ಊರೂರು ಸುತ್ತಿ ಕಲ್ಲುಗಳನ್ನು ಓದುತ್ತಿರುವ ಒಬ್ಬ ಮಹನೀಯರು. ಪರಿಚಯ, ವಂದನೆ ಎರಡೂ ಕಾರ್ಯದರ್ಶಿಯವೇ. ಸಾಮಾನ್ಯವಾಗಿ ನಡೆಯುವ ರೀತಿಯಲ್ಲಿ ಪರಿಚಯ ಹೀಗೆ ಬರುತ್ತದೆ:

‘ಮಾನ್ಯರ ಪಾಂಡಿತ್ಯವನ್ನು ಕುರಿತು ಹೇಳುವುದು ಸೂರ್ಯನಿಗೆ ಹಣತೆ ಹಿಡಿದಂತೆ. ಇವರು ಇಂಥ ಊರಿನಲ್ಲಿ ಜನಿಸಿ, ಇಂಥಿಂಥ ಕಡೆ ವ್ಯಾಸಂಗ ಮಾಡಿ, ಇಷ್ಟು ಸನ್ಮಾನಗಳನ್ನು ಪಡೆದಿದ್ದಾರೆ. ವೀರಗಲ್ಲು ಎಂದರೆ ನಮ್ಮ ಸಂಸ್ಕೃತಿಯ ಹೆಗ್ಗುರುತು. ಆತಕೂರಿನಲ್ಲಿ ಒಂದು ನಾಯಿಗೂ ಕಲ್ಲು ನಿಲ್ಲಿಸಿದ್ದಾರೆ. ಆ ನಾಯಿ ಹಂದಿಯೊಡನೆ ಹೋರಾಡಿ ಸತ್ತಿತು. ಇಂಥ ಎಷ್ಟೋ ಸ್ವಾರಸ್ಯಗಳನ್ನು ಇವರು ಇಂದು ಹೇಳುತ್ತಾರೆ. ಇವರ ಅಮೋಘವಾದ ಉಪನ್ಯಾಸವನ್ನು ಕೇಳುವ ಭಾಗ್ಯ ನಮ್ಮದಾಗಿದೆ. ತಮ್ಮ ಅಮೂಲ್ಯ ಕಾಲವನ್ನು ನಮಗಾಗಿ ವಿನಿಯೋಗಿಸಿದುದಕ್ಕೆ ನಾವು ಚಿರಋಣಿಗಳು.’

ಎರಡು ಗಂಟೆಗಳ ತರುವಾಯ ವಂದನೆ: ‘ಮಾನ್ಯರು ವೀರಗಲ್ಲುಗಳನ್ನು ಕುರಿತು ಅಮೋಘವಾಗಿ ಮಾತನಾಡಿದರು. ಆಗಲೇ ನಾನು ಹೇಳಿದಂತೆ ಇವರು ಮಹಾವಿದ್ವಾಂಸರು. ಆತಕೂರಿನ ನಾಯಿಯ ವಿಷಯವನ್ನೂ ತಿಳಿಸಿದರು. ತಮ್ಮ ಅಮೂಲ್ಯ ಕಾಲವನ್ನು ವಿನಿಯೋಗಿಸಿದುದಕ್ಕೆ ನಾವು ಚಿರಋಣಿಗಳು.’ ಅನಂತರ ಹಾರ ತಂದವರಿಂದ ಹಿಡಿದು ದೀಪ ಹಚ್ಚಿದವರವರೆಗೆ ಇಪ್ಪತ್ತು ಹೆಸರುಗಳು.

ಇದರ ದೋಷಗಳನ್ನು ಒಂದೊಂದಾಗಿ ನೋಡಬೇಕು. ಮೊದಲನೆಯದು, ಪರಿಚಯವು ಉಪನ್ಯಾಸಕರ ಕೈಯಿಂದ ಅವರ ಉತ್ತಮವಾದ ವಸ್ತುವನ್ನು ಕಿತ್ತುಕೊಂಡಿತು. ಆತಕೂರಿನ ಕಲ್ಲಿನ ಕಥೆ ಮೊಟಕುಮಾಡಿ ಹೇಳಿದರೆ ಒಂದು ಚಮತ್ಕಾರ ಮಾತ್ರ. ವಿಸ್ತಾರವಾಗಿ ಹೇಳಿದರೆ ಅದು ಇತಿಹಾಸ. ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನು ಗಂಗರ ಬೂತುಗನ ಸಹಾಯದಿಂದ ಚೋಳ ರಾಜಾದಿತ್ಯನನ್ನು ಸೋಲಿಸಿದುದು, ಆ ಪಕ್ಷದಲ್ಲಿ ಕಾದಿದ ಮಣಲೇರನೆಂಬ ವೀರನು ಮೆಚ್ಚುಗೆಯ ರೂಪದಲ್ಲಿ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದುದು, ಆ ನಾಯಿಯೂ ಒಂದು ಕಾಡುಹಂದಿಯೂ ಪರಸ್ಪರ ಕಾದಿ ಸತ್ತುದು, ಅದಕ್ಕಾಗಿ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟುದು, ಇವೆಲ್ಲವೂ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು ನಾಯಿಯ ಕಲ್ಲಿನಲ್ಲಿ ಎರಡು ಸಾಮ್ರಾಜ್ಯಗಳ ಯುದ್ಧದ ವಾರ್ತೆ ಸಿಕ್ಕುವುದೆಂಬ ವಿಸ್ಮಯವನ್ನು ಉಪನ್ಯಾಸಕರು ಹಂತಹಂತವಾಗಿ ಕಟ್ಟಬೇಕಾಗಿತ್ತು. ಪರಿಚಯಕಾರನು ಅದರ ಕೊನೆಯ ಸಾಲನ್ನು ಮೊದಲೇ ಹೇಳಿಬಿಟ್ಟನು. ಉಪನ್ಯಾಸಕರು ಆ ಭಾಗಕ್ಕೆ ಬಂದಾಗ ‘ಕಾರ್ಯದರ್ಶಿಗಳು ಈಗಾಗಲೇ ತಿಳಿಸಿದಂತೆ’ ಎಂದು ತೊಡಗಬೇಕಾಯಿತು. ಈ ಮಾತು ಉಪನ್ಯಾಸಕರ ಬಾಯಿಂದ ಬಂದರೆ ಪರಿಚಯ ಮೇರೆ ಮೀರಿತೆಂದು ನಿಶ್ಚಯವಾಗಿ ತಿಳಿಯಬಹುದು.

ಎರಡನೆಯ ದೋಷ ಅಮೋಘವೆಂಬ ಮಾತಿನದು. ಮೋಘವೆಂದರೆ ವ್ಯರ್ಥ, ಅಮೋಘವೆಂದರೆ ವ್ಯರ್ಥವಾಗದ್ದು. ಬಾಣ ಗುರಿಯನ್ನು ಹೊಡೆದ ಮೇಲೆ ಅಮೋಘವೋ ಅಲ್ಲವೋ ಎಂದು ಹೇಳಬೇಕು. ಬತ್ತಳಿಕೆಯಲ್ಲಿರುವಾಗಲೇ ಹೇಳಿದರೆ ಅದು ಭವಿಷ್ಯ ನುಡಿದಂತೆ. ಪರಿಚಯದಲ್ಲಿ ಉಪನ್ಯಾಸವನ್ನು ಹೊಗಳಿದವನಿಗೆ ವಂದನೆಯಲ್ಲಿ ಎರಡೇ ದಾರಿಗಳು ಉಳಿಯುತ್ತವೆ. ಉಪನ್ಯಾಸ ಚೆನ್ನಾಗಿದ್ದರೆ ಅದೇ ಮಾತನ್ನು ಮತ್ತೆ ಹೇಳಬೇಕು. ಚೆನ್ನಾಗಿಲ್ಲದಿದ್ದರೆ ಅದೇ ಮಾತನ್ನು ಸುಳ್ಳೆಂದು ತಿಳಿದೂ ಹೇಳಬೇಕು. ಪ್ರಶಂಸೆಯನ್ನು ಮೊದಲೇ ಖರ್ಚುಮಾಡಿದವನು ಕೊನೆಗೆ ಸಾಲದ ಮಾತನ್ನಾಡಬೇಕಾಗುತ್ತದೆ.

ಮೂರನೆಯದು, ವಂದನೆಯನ್ನು ಪರಿಚಯದಲ್ಲಿಯೇ ಸಲ್ಲಿಸಿಬಿಟ್ಟದ್ದು. ಬಂದವರನ್ನು ಬರಮಾಡಿಕೊಳ್ಳುವುದು ಸ್ವಾಗತ. ಕೊಟ್ಟುದನ್ನು ಸ್ವೀಕರಿಸಿದೆವೆಂದು ಹೇಳುವುದು ವಂದನೆ. ‘ಬಂದದ್ದು ಸಂತೋಷ’ ಎಂಬುದು ಮೊದಲಿಗೆ ಸಲ್ಲುವ ಮಾತು. ‘ಋಣಿಗಳಾದೆವು’ ಎಂಬುದು ಕೊನೆಗೆ ಸಲ್ಲುವ ಮಾತು. ಊಟಕ್ಕೆ ಕರೆದವರಿಗೆ ಎಲೆ ಹಾಕುವ ಮುನ್ನವೇ ‘ಊಟ ತೃಪ್ತಿಯಾಯಿತು’ ಎನ್ನುವವರುಂಟೆ? ಋಣದ ಮಾತು ಬಂದುದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ಆಹ್ವಾನಪತ್ರಗಳಲ್ಲಿಯೂ ಭಾಷಣಗಳಲ್ಲಿಯೂ ‘ಅಭಾರಿಗಳಾಗಿದ್ದೇವೆ’ ಎಂಬ ರೂಪ ಹೆಚ್ಚುತ್ತಿದೆ. ಆಭಾರಿ ಎಂದು ದೀರ್ಘವಿದ್ದರೆ ಉಪಕಾರದ ಭಾರವನ್ನು ಹೊತ್ತವನು. ಹ್ರಸ್ವವಾದರೆ ಭಾರವೇ ಇಲ್ಲದವನು. ಕೆಲವು ವಂದನಾರ್ಪಣೆಗಳನ್ನು ಕೇಳಿದಾಗ ಹ್ರಸ್ವರೂಪವೇ ನಿಜಕ್ಕೆ ಹತ್ತಿರವೆಂದು ತೋರುವುದುಂಟು.

ಈಗ ಅದೇ ಸಭೆಗೆ ಅದೇ ಕಾರ್ಯದರ್ಶಿ ಆಡಬಹುದಾದ ಮಾತನ್ನು ನೋಡೋಣ. ಪರಿಚಯ:

‘ನಮ್ಮ ಊರುಗಳ ಕೆರೆಯ ಏರಿಯ ಮೇಲೆ, ಗುಡಿಯ ಹಿಂಬದಿಯಲ್ಲಿ, ಹೊಲದ ಬದುವಿನಲ್ಲಿ ಕತ್ತಿ ಹಿಡಿದ ಮನುಷ್ಯನ ಚಿತ್ರವಿರುವ ಕಲ್ಲುಗಳನ್ನು ನೀವೆಲ್ಲರೂ ಕಂಡಿದ್ದೀರಿ. ಅವು ಸಾಮಾನ್ಯವಾಗಿ ಮೂರು ಅಂತಸ್ತಾಗಿರುವುದನ್ನೂ ಕಂಡಿರಬಹುದು. ಆ ಅಂತಸ್ತುಗಳನ್ನು ಯಾವ ಕ್ರಮದಲ್ಲಿ ಓದಬೇಕು, ಓದಿದರೆ ನಮ್ಮ ಊರಿನ ಚರಿತ್ರೆಗೆ ಏನು ದೊರೆಯುವುದು ಎಂಬುದೇ ಇಂದಿನ ವಿಷಯ. ಇದಕ್ಕೆ ಶಾಸನಶಾಸ್ತ್ರದ ಪರಿಚಯ ಬೇಕಾಗಿಲ್ಲ. ಕಲ್ಲನ್ನು ನೋಡುವ ಕುತೂಹಲವಿದ್ದರೆ ಸಾಕೆಂದು ಉಪನ್ಯಾಸಕರು ನನಗೆ ಹೇಳಿದ್ದಾರೆ. ಇವರು ಹನ್ನೆರಡು ವರ್ಷಗಳಿಂದ ಈ ತಾಲ್ಲೂಕಿನ ಕಲ್ಲುಗಳನ್ನು ತಾವೇ ಹೋಗಿ ನೋಡಿ, ಅಚ್ಚು ತೆಗೆದು, ಓದಿಕೊಂಡು ಬಂದಿದ್ದಾರೆ. ಇಂದು ಹೇಳುವುದೆಲ್ಲವೂ ಕಣ್ಣಿನಿಂದ ಕಂಡುದರ ಮಾತು. ಇವರು ಈಗ ಮಾತನಾಡುವರು.’

ಇದನ್ನು ನಿಧಾನವಾಗಿ ಹೇಳಿದರೂ ಒಂದೆರಡು ನಿಮಿಷಗಳು ಸಾಕು. ಮೊದಲ ವಾಕ್ಯಗಳಲ್ಲಿ ವಿಷಯ ಬಂದಿದೆ, ಚರಿತ್ರೆಗೆ ದೊರೆಯುವುದೆಂಬಲ್ಲಿ ಪ್ರಯೋಜನ ಬಂದಿದೆ, ಕುತೂಹಲ ಸಾಕೆಂಬಲ್ಲಿ ಅಧಿಕಾರಿ ಬಂದಿದ್ದಾನೆ, ನಮ್ಮ ಊರಿನ ಕೆರೆಯ ಏರಿಯಿಂದ ತೊಡಗಿದುದರಿಂದ ಸಂಬಂಧವೂ ಬಂದಿದೆ. ಹನ್ನೆರಡು ವರ್ಷಗಳ ಸುತ್ತಾಟ ಅರ್ಹತೆಯನ್ನು ಹೇಳುತ್ತದೆ. ಅದರ ಪಕ್ಕದಲ್ಲಿ ಸನ್ಮಾನಗಳ ಪಟ್ಟಿ ಇಟ್ಟಿದ್ದರೆ ಆ ಹನ್ನೆರಡು ವರ್ಷಗಳೇ ಮರೆಯಾಗುತ್ತಿದ್ದವು. ಅಂತಸ್ತುಗಳು ಮೂರೆಂದು ಹೇಳಿದುದುಂಟು, ಅವುಗಳಲ್ಲಿ ಏನಿದೆಯೆಂದು ಹೇಳಿಲ್ಲ. ಆತಕೂರಿನ ಹೆಸರೇ ಬಂದಿಲ್ಲ. ಉಪನ್ಯಾಸದ ಗುಣವನ್ನು ಕುರಿತು ಒಂದು ಮಾತೂ ಇಲ್ಲ. ವಂದನೆಗೆ ಬೇಕಾದುದೆಲ್ಲವೂ ಇನ್ನೂ ಮುಟ್ಟದೆ ಉಳಿದಿದೆ.

ಉಪನ್ಯಾಸ ನಡೆಯುವಾಗ ಕಾರ್ಯದರ್ಶಿ ಮಾಡಬೇಕಾದ ಕೆಲಸ ಒಂದುಂಟು. ಪರಿಚಯವನ್ನು ಬರೆದ ಕಾಗದವನ್ನು ಮಡಿಸಿ ಜೇಬಿನೊಳಗಿಟ್ಟು, ಬೇರೊಂದು ಬರಿಯ ಕಾಗದವನ್ನು ತೆಗೆದುಕೊಳ್ಳಬೇಕು. ಅದೇ ಕಾಗದದ ಹಿಂಬದಿಯಲ್ಲಿ ಬರೆದರೆ ಕಣ್ಣು ಮುಂಬದಿಗೆ ಜಾರುತ್ತದೆ, ನಾಲಗೆ ಕಣ್ಣನ್ನು ಹಿಂಬಾಲಿಸುತ್ತದೆ. ಹೊಸ ಕಾಗದದಲ್ಲಿ ಮೂರು ಸಂಗತಿಗಳನ್ನು ಮಾತ್ರ ಗುರುತು ಹಾಕಿಕೊಳ್ಳಬೇಕು: ತನಗೆ ಮೊದಲು ತಿಳಿಯದೆ ಇದ್ದು ಇಂದು ತಿಳಿದದ್ದು ಒಂದು, ಸಭೆಯೇ ತಾನಾಗಿ ಅಲುಗಾಡಿದ ಸ್ಥಳ, ಎಂದರೆ ನಕ್ಕದ್ದೋ ನಿಶ್ಶಬ್ದವಾದದ್ದೋ, ಒಂದು, ಇಲ್ಲಿಂದ ಎದ್ದುಹೋದವರು ನಾಳೆ ಮಾಡಬಹುದಾದದ್ದು ಒಂದು. ಹೀಗೆ ಬರೆದುಕೊಳ್ಳಬೇಕಾದರೆ ಉಪನ್ಯಾಸವನ್ನು ಕೇಳಲೇಬೇಕು. ಎರಡು ಭಾರಗಳನ್ನೂ ಹೊತ್ತ ಕಾರ್ಯದರ್ಶಿ ಹಲವು ಸಭೆಗಳಲ್ಲಿ ಹಾರ ಬಂದಿತೆ, ಕಾಫಿ ಬಂದಿತೆ ಎಂದು ಒಳಗೂ ಹೊರಗೂ ಓಡಾಡುತ್ತಿರುವನು. ಕೇಳದವನು ಕೇಳಿದವರ ಪರವಾಗಿ ಮಾತನಾಡುವುದು ಹೇಗೆ? ಆಗ ಜೇಬಿನೊಳಗಿನ ಪರಿಚಯದ ಕಾಗದವೇ ಅವನಿಗೆ ಗತಿ. ಬೆರಕೆಯ ಮೂಲಕಾರಣ ಇಲ್ಲಿದೆ. ಆದುದರಿಂದ ಆ ಒಂದು ಗಂಟೆಯ ಹೊರಗಿನ ಕೆಲಸಗಳನ್ನು ಬೇರೆಯವರಿಗೆ ಒಪ್ಪಿಸಿ, ಅವನು ಕುಳಿತು ಕೇಳತಕ್ಕದ್ದು. ಇದು ಮರ್ಯಾದೆಗಾಗಿ ಹೇಳಿದ ಮಾತಲ್ಲ. ವಂದನೆಯ ಸಾಮಗ್ರಿ ಬೇರೆಲ್ಲಿಯೂ ದೊರೆಯುವುದಿಲ್ಲ.

ಹೀಗೆ ಕೇಳಿದವನ ವಂದನೆ ಈ ರೀತಿ ಇರಬಹುದು. ಅವನು ಉಪನ್ಯಾಸಕರ ಕಡೆಗೆ ತಿರುಗಿ ಹೇಳುತ್ತಾನೆ:

‘ಸ್ವಾಮಿ, ವೀರಗಲ್ಲನ್ನು ನಾವು ಇದುವರೆಗೆ ಮೇಲಿನಿಂದ ಕೆಳಕ್ಕೆ ನೋಡುತ್ತಿದ್ದೆವು. ತಾವು ಅದನ್ನು ಕೆಳಗಿನಿಂದ ಮೇಲಕ್ಕೆ ಓದಲು ಕಲಿಸಿದಿರಿ. ಕೆಳಗೆ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸದಲ್ಲಿ ಲಿಂಗದ ಸನ್ನಿಧಿ. ಅದು ಏರುವ ಕಥೆಯೆಂಬುದು ಇಂದು ನಮಗೆ ತಿಳಿಯಿತು. ಆತಕೂರಿನ ಕಾಳಿಯ ಮರಣವನ್ನು ತಾವು ಹೇಳಿದಾಗ ಈ ಸಭೆ ಉಸಿರು ಬಿಗಿಹಿಡಿದು ಕುಳಿತಿತ್ತು. ಅದಕ್ಕಿಂತ ಹೆಚ್ಚಿನ ಮೆಚ್ಚುಗೆಯನ್ನು ನನ್ನ ಮಾತು ಹೇಳಲಾರದು. ಕಲ್ಲಿಗೆ ಸುಣ್ಣ ಬಳಿಯಬೇಡಿ, ಅಕ್ಷರ ಹೂತುಹೋಗುತ್ತದೆ ಎಂದಿರಿ. ನಮ್ಮಲ್ಲಿ ಕೆಲವರಾದರೂ ನಾಳೆ ಊರಿಗೆ ಹೋಗಿ ಆ ಮಾತನ್ನು ನಡೆಸುವರು. ಈ ಸಭೆಯ ಪರವಾಗಿ ತಮಗೆ ವಂದನೆಗಳು.’

ಇಲ್ಲಿ ಒಂದು ವಾಕ್ಯವನ್ನಾದರೂ ಪರಿಚಯಕ್ಕೆ ಕೊಂಡೊಯ್ಯಲು ಸಾಧ್ಯವಿಲ್ಲ. ಪರಿಚಯದ ಒಂದು ವಾಕ್ಯವನ್ನಾದರೂ ಇಲ್ಲಿಗೆ ತರಲು ಸಾಧ್ಯವಿಲ್ಲ. ಮೂರು ಅಂತಸ್ತುಗಳ ವಿಷಯ ಎರಡರಲ್ಲಿಯೂ ಬಂದಿದೆಯಾದರೂ, ಮೊದಲು ಪ್ರಶ್ನೆಯಾಗಿ ಬಂದಿತ್ತು, ಈಗ ಉತ್ತರವಾಗಿ ಬಂದಿದೆ. ನಡುವೆ ಉಪನ್ಯಾಸಕರು ಮಾಡಿದ ಕೆಲಸವೇ ಆ ಅಂತರ. ಆ ಅಂತರವನ್ನು ತೋರಿಸಿಕೊಟ್ಟರೆ ಕೃತವನ್ನು ಬಲ್ಲೆವೆಂದು ಹೇಳಿದಂತಾಯಿತು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಮೀಮಾಂಸಕರು ತಾತ್ಪರ್ಯನಿರ್ಣಯಕ್ಕೆ ಹೇಳಿದ ಆರು ಲಿಂಗಗಳಲ್ಲಿ ಮೊದಲನೆಯದೇ ಉಪಕ್ರಮೋಪಸಂಹಾರಗಳ ಐಕ್ಯ. ಹಾಗಾದರೆ ಆದಿಯಲ್ಲಿ ಹೇಳಿದ್ದನ್ನು ಅಂತ್ಯದಲ್ಲಿ ಹೇಳುವುದು ಗುಣವೇ ಆಗಬೇಕಲ್ಲವೆ ಎಂದು ಬಲ್ಲವರು ಕೇಳಿಯಾರು. ಇದಕ್ಕೆ ಸಮಾಧಾನ ಎರಡು. ಆ ನಿಯಮ ಒಂದೇ ಪ್ರಕರಣದ, ಒಂದೇ ವಕ್ತೃವಿನ ವಾಕ್ಯರಾಶಿಗೆ ಸಲ್ಲುವಂಥದು. ಸಭೆಯಲ್ಲಿ ಉಪಕ್ರಮವನ್ನೂ ಉಪಸಂಹಾರವನ್ನೂ ಮಾಡತಕ್ಕವರು ಉಪನ್ಯಾಸಕರು. ಅವರ ಮಾತನ್ನು ತೂಗಿ ನೋಡತಕ್ಕವರು ಅಧ್ಯಕ್ಷರು. ಕಾರ್ಯದರ್ಶಿ ಇದ್ದಕ್ಕಿದ್ದಂತೆ ಉಪಸಂಹಾರಕ್ಕೆ ಕೈ ಹಾಕಿ ಉಪನ್ಯಾಸದ ಸಾರಾಂಶವನ್ನು ಹೇಳತೊಡಗಿದರೆ, ಅದು ವಂದನೆಯಾಗದೆ ಮೂರನೆಯ ಉಪನ್ಯಾಸವಾಗುತ್ತದೆ. ಎರಡನೆಯದಾಗಿ, ಅಲ್ಲಿ ಹೇಳಿರುವ ಐಕ್ಯ ತಾತ್ಪರ್ಯದ್ದು, ಶಬ್ದದ್ದಲ್ಲ. ಮೊದಲೇ ತಿಳಿದದ್ದನ್ನು ತಿಳಿದಂತೆಯೇ ಮತ್ತೆ ಹೇಳಿದರೆ ಅದನ್ನು ಮೀಮಾಂಸಕರು ಅನುವಾದವೆನ್ನುತ್ತಾರೆ. ಅದರಿಂದ ಹೊಸ ಜ್ಞಾನ ಹುಟ್ಟುವುದಿಲ್ಲವೆಂದೂ ಅವರೇ ಹೇಳುತ್ತಾರೆ. ಆರು ಲಿಂಗಗಳಲ್ಲಿ ಅಪೂರ್ವತೆಯೂ ಒಂದೆಂಬುದನ್ನು ಆಕ್ಷೇಪಕರು ಮರೆಯಬಾರದು.

ಇನ್ನು ಕೆಲವು ತೊಡಕುಗಳು. ಉಪನ್ಯಾಸ ಸೊಗಸಾಗಿ ಬರದಿದ್ದರೆ ವಂದನೆ ಏನು ಹೇಳಬೇಕು? ಪರಿಚಯದಲ್ಲಿ ಪ್ರಶಂಸೆಯನ್ನು ಸುರಿಯದೆ ಇದ್ದವನಿಗೆ ಇದು ಕಷ್ಟವಲ್ಲ. ಉಪನ್ಯಾಸಕರು ನಿಜವಾಗಿ ಕೊಟ್ಟ ಒಂದು ಸಂಗತಿಯನ್ನು ಹೆಸರಿಸಿ, ಅದಕ್ಕಾಗಿ ವಂದಿಸಿ ಕುಳಿತುಕೊಂಡರೆ ಸಾಕು. ಒಂದು ಗಂಟೆಯ ಮಾತಿನಲ್ಲಿ ಒಂದು ಸಂಗತಿಯೂ ಇಲ್ಲದಿರುವುದು ಅಪರೂಪ. ಉಪನ್ಯಾಸ ಹೊತ್ತು ಮೀರಿ ಬೆಳೆದಿದ್ದರೆ ವಂದನೆ ಒಂದೇ ನಿಮಿಷಕ್ಕೆ ಇಳಿಯಬೇಕು. ಆಗ ಮೂರು ಗುರುತುಗಳಲ್ಲಿ ಮೊದಲನೆಯದನ್ನು ಮಾತ್ರ ಇಟ್ಟುಕೊಳ್ಳಬಹುದು. ಅಧ್ಯಕ್ಷರು ತಮ್ಮ ಮಾತಿನಲ್ಲಿ ನಾನು ಗುರುತು ಹಾಕಿಕೊಂಡ ಸಂಗತಿಯನ್ನೇ ಹೇಳಿಬಿಟ್ಟರೆ ಏನು ಮಾಡುವುದೆಂದು ಕೇಳುವವರುಂಟು. ಅದಕ್ಕಾಗಿಯೇ ಗುರುತುಗಳು ಮೂರು.

ಸಹಾಯಕರ ಹೆಸರುಗಳ ವಿಷಯದಲ್ಲಿ ನಮ್ಮ ಸಂಘಗಳಿಗೆ ಹೆದರಿಕೆ ಹೆಚ್ಚು. ಒಂದು ಹೆಸರು ಬಿಟ್ಟುಹೋದರೆ ಆರು ತಿಂಗಳು ಮುನಿಸು. ಆದರೆ ಉಪನ್ಯಾಸಕರಿಗೆ ಸಲ್ಲಿಸಿದ ವಂದನೆಗೂ ಈ ಪಟ್ಟಿಗೂ ನಡುವೆ ಒಂದು ಗೆರೆ ಬೇಕು. ಅವರಿಗೆ ವಂದಿಸಿದೊಡನೆ ನಿಂತು ಚಪ್ಪಾಳೆಗೆ ಎಡೆ ಕೊಡಬೇಕು. ಹಳೆಯ ಪದ್ಧತಿಯಲ್ಲಿ ಅದೇ ಸಭೆಯ ಮತವಾಗಿತ್ತೆಂದು ಮೇಲೆ ಹೇಳಿದೆನಷ್ಟೆ. ಅನುಮೋದಕನಿಲ್ಲದ ನಮ್ಮ ಸಭೆಗಳಲ್ಲಿ, ಕಾರ್ಯದರ್ಶಿ ಆಡಿದ ಮಾತು ಸಭೆಯದು ಹೌದೆಂಬುದಕ್ಕೆ ಉಳಿದಿರುವ ಸಾಕ್ಷಿ ಆ ಚಪ್ಪಾಳೆಯೊಂದೇ. ಅದಾದ ಮೇಲೆ ಸಭೆಯ ಕಡೆಗೆ ತಿರುಗಿ, ಸ್ಥಳ ಕೊಟ್ಟವರು, ಕೆಲಸ ಮಾಡಿದವರು ಎಂದು ಒಂದೆರಡು ವಾಕ್ಯಗಳಲ್ಲಿ ಮುಗಿಸಬಹುದು. ಅವರ ಹೆಸರುಗಳು ಮುಂದಿನ ವರದಿಯಲ್ಲಿ ಅಚ್ಚಾದರೆ ಅವರಿಗೂ ಹೆಚ್ಚಿನ ಸಂತೋಷ.

ತನ್ನ ಮಾತು ಬೆರೆತಿದೆಯೋ ಇಲ್ಲವೋ ಎಂದು ಕಾರ್ಯದರ್ಶಿ ತಾನೇ ತಿಳಿದುಕೊಳ್ಳಲು ಎರಡು ಪ್ರಶ್ನೆಗಳಿವೆ. ಈ ಪರಿಚಯವನ್ನು ಉಪನ್ಯಾಸ ಮುಗಿದ ಮೇಲೆ ಹೇಳಿದರೂ ನಡೆಯುತ್ತಿತ್ತೆ? ನಡೆಯುತ್ತಿದ್ದರೆ ಅದರಲ್ಲಿ ಹೊಗಳಿಕೆಯೋ ಸಾರಾಂಶವೋ ನುಗ್ಗಿದೆ. ಈ ವಂದನೆಯನ್ನು ನಿನ್ನೆಯೇ ಬರೆಯಬಹುದಾಗಿತ್ತೆ? ಬರೆಯಬಹುದಾಗಿದ್ದರೆ ಉಪನ್ಯಾಸಕರು ಬಂದದ್ದೂ ಮಾತನಾಡಿದ್ದೂ ಅದರ ಮಟ್ಟಿಗೆ ನಡೆದೇ ಇಲ್ಲ. ದೂರದಿಂದ ಬಸ್ಸಿನಲ್ಲಿ ಬಂದು, ಒಂದು ಗಂಟೆ ನಿಂತು ಮಾತನಾಡಿದವರು ಹಿಂದಿರುಗುವಾಗ, ತಮ್ಮ ಹೆಸರನ್ನು ಎರಡು ಸಲ ಹೊಗಳಿದರೆಂಬುದಕ್ಕಿಂತ ತಾವು ಹೇಳಿದ ಒಂದು ಮಾತನ್ನು ಒಬ್ಬರಾದರೂ ಕೇಳಿದರೆಂಬುದನ್ನು ಕೊಂಡೊಯ್ಯಲು ಬಯಸುತ್ತಾರೆ. ಹಾರ ದಾರಿಯಲ್ಲಿಯೇ ಬಾಡುವುದು. ಈ ಮಾತು ಮನೆಯವರೆಗೆ ಹೋಗುವುದು.